ಎಲ್ಲೆಗೆ ಒಪ್ಪಿದ ರೆಕ್ಕೆ: ಗರುಡ, ನಾಗ ಮತ್ತು ಗಂಡಭೇರುಂಡ



ಹಾವನ್ನು ತಿನ್ನುವ, ದೇವರನ್ನು ಹೊರುವ ದೊಡ್ಡ ಹಕ್ಕಿಗಳ ಬಗ್ಗೆ ಮಾತನಾಡಬೇಕಾದಾಗ ವಿಷ್ಣು ದೇವಾಲಯದ ಗರುಡಗಂಬದಿಂದ ತೊಡಗುವುದು ವಾಡಿಕೆ. ನಾನು ಮಾತ್ರ ಗರುಡನ ಮೂರ್ತಿಯಿಂದಲ್ಲ, ಅವನ ಭಯದಿಂದ ಹುಟ್ಟಿದ ಒಂದು ಕ್ಷೇತ್ರದಿಂದ ತೊಡಗುತ್ತೇನೆ. ಆ ಕ್ಷೇತ್ರ ನಮ್ಮ ಪಿಲ್ಲಗುಂಪೆಯ ನೆರೆಯಲ್ಲೇ, ದೊಡ್ಡಬಳ್ಳಾಪುರ ತಾಲ್ಲೂಕಿನಲ್ಲಿದೆ. ಘಾಟಿ ಸುಬ್ರಹ್ಮಣ್ಯದ ಗರ್ಭಗುಡಿಯಲ್ಲಿ ಒಂದೇ ಶಿಲೆಯಲ್ಲಿ ಎರಡು ದೇವರುಗಳಿದ್ದಾರೆ. ಪೂರ್ವಕ್ಕೆ ಮುಖ ಮಾಡಿರುವವನು ಏಳು ಹೆಡೆಯ ಸುಬ್ರಹ್ಮಣ್ಯ, ಪಶ್ಚಿಮಕ್ಕೆ ಮುಖ ಮಾಡಿರುವವನು ನರಸಿಂಹ. ಹಿಂಬದಿಯ ಮುಖ ಭಕ್ತರಿಗೆ ಕಾಣಲೆಂದು ಹಿಂದೆ ಕನ್ನಡಿ ಇಟ್ಟಿದ್ದಾರೆ. ಶಿವನ ಮಗನಾದ ಸುಬ್ರಹ್ಮಣ್ಯನಿಗೂ ವಿಷ್ಣುವಿನ ಅವತಾರವಾದ ನರಸಿಂಹನಿಗೂ ಒಂದೇ ಕಲ್ಲಿನಲ್ಲಿ ಬೆನ್ನಿಗೆ ಬೆನ್ನು ಹೇಗೆ ಕೂಡಿತು ಎಂದು ಕೇಳಿದರೆ ಸ್ಥಳಪುರಾಣ ಹೇಳುವುದು ಗರುಡನ ಕಥೆಯನ್ನು. ಗರುಡ ನಾಗಕುಲವನ್ನು ಬೇಟೆಯಾಡುತ್ತಿದ್ದ. ನಾಗಗಳ ಪಾಲಕನಾದ ಸುಬ್ರಹ್ಮಣ್ಯ ನರಸಿಂಹನನ್ನು ಪ್ರಾರ್ಥಿಸಿದ, ಏಕೆಂದರೆ ಗರುಡನಿಗೆ ಬೇಡ ಎಂದು ಹೇಳಬಲ್ಲವನು ಅವನ ಒಡೆಯನೊಬ್ಬನೇ. ಒಡೆಯ ಒಪ್ಪಿದ, ಬೆನ್ನಿಗೆ ನಿಂತ. ಆ ಶಿಲೆಯ ಇಡೀ ರಚನೆಗೆ ಕಾರಣನಾದ ಗರುಡ ಮಾತ್ರ ಅದರಲ್ಲಿಲ್ಲ.

ಇವತ್ತಿನ ನನ್ನ ವಾದಕ್ಕೆ ಇದೇ ಆಧಾರ. ಹಾವು ತಿನ್ನುವ ಹಕ್ಕಿ ಎಂದರೆ ಕೆಟ್ಟದ್ದನ್ನು ಅಳಿಸುವ ಒಳ್ಳೆಯದರ ಸಂಕೇತ, ಕತ್ತಲನ್ನು ಗೆಲ್ಲುವ ಬೆಳಕಿನ ಸಂಕೇತ ಎಂಬ ವಿವರಣೆ ಎಲ್ಲೆಡೆ ಸಿಗುತ್ತದೆ. ಅದು ಸಾಲದು ಎಂದು ನನಗೆ ತೋರುತ್ತದೆ. ಕೆಟ್ಟದ್ದನ್ನು ಅಳಿಸುವವನನ್ನು ತಡೆಯಲು ದೇವರು ಯಾಕೆ ಬರಬೇಕು? ಹಾವು ಬರೀ ಕೇಡಾಗಿದ್ದರೆ ಮಕ್ಕಳಾಗಲೆಂದು ಘಾಟಿಯಲ್ಲಿ ದಂಪತಿಗಳು ನಾಗರಕಲ್ಲನ್ನು ಪ್ರತಿಷ್ಠೆ ಮಾಡುವುದೇಕೆ? ನಮ್ಮ ಪರಂಪರೆ ಗರುಡನಲ್ಲಿ ಕಂಡದ್ದು ಗೆಲುವನ್ನಲ್ಲ. ಯಾರೂ ತಡೆಯಲಾರದ ಬಲವೊಂದು ತಾನಾಗಿ ಒಂದು ಎಲ್ಲೆಗೆ ಒಪ್ಪಿಕೊಳ್ಳುವುದನ್ನು ಅದು ಅವನಲ್ಲಿ ಕಂಡಿತು. ದೇವರನ್ನು ಹೊರುವುದೂ ಹಾವನ್ನು ತಿನ್ನುವುದೂ ಬೇರೆ ಬೇರೆ ಗುಣಗಳಲ್ಲ. ಎರಡೂ ಒಂದೇ ಒಪ್ಪಂದದ ಎರಡು ಷರತ್ತುಗಳು.

ಮಹಾಭಾರತದ ಆದಿಪರ್ವದಲ್ಲಿ, ಆಸ್ತೀಕನ ಉಪಾಖ್ಯಾನದಲ್ಲಿ, ಗರುಡನ ಕಥೆ ವಿಸ್ತಾರವಾಗಿದೆ. ಕಶ್ಯಪನ ಹೆಂಡಿರು ಕದ್ರು ಮತ್ತು ವಿನತೆ. ಕದ್ರುವಿಗೆ ಸಾವಿರ ನಾಗಗಳು, ವಿನತೆಗೆ ಎರಡು ಮೊಟ್ಟೆಗಳು. ಉಚ್ಚೈಃಶ್ರವಸ್ಸಿನ ಬಾಲದ ಬಣ್ಣ ಯಾವುದೆಂದು ಇಬ್ಬರೂ ಪಣ ಕಟ್ಟುತ್ತಾರೆ, ಸೋತವಳು ಗೆದ್ದವಳ ದಾಸಿ. ಕದ್ರು ತನ್ನ ಮಕ್ಕಳನ್ನು ಕಪ್ಪು ಕೂದಲಾಗಿ ಬಾಲಕ್ಕೆ ಸುತ್ತಿಕೊಳ್ಳಿರೆಂದು ಕಳಿಸಿ, ಮೋಸದಿಂದ ಗೆಲ್ಲುತ್ತಾಳೆ. ಹಾಗಾಗಿ ಎರಡನೆಯ ಮೊಟ್ಟೆಯಿಂದ ಗರುಡ ಹೊರಬರುವಾಗ ಅವನು ದಾಸಿಯ ಮಗ. ಇಲ್ಲಿ ತುಸು ನಿಲ್ಲಬೇಕು. ಗರುಡ ಮೊದಲು ಬೆನ್ನ ಮೇಲೆ ಹೊತ್ತದ್ದು ವಿಷ್ಣುವನ್ನಲ್ಲ, ಹಾವುಗಳನ್ನು. ಮಲತಾಯಿಯ ಮಕ್ಕಳನ್ನು ಹೊತ್ತು ತಿರುಗುವುದು ಅವನ ಪಾಲಿಗೆ ಬಂದ ಊಳಿಗ. ನಾವು ಯಾಕೆ ಇವರ ಮಾತು ಕೇಳಬೇಕು ಎಂದು ಅವನು ತಾಯಿಯನ್ನು ಕೇಳಿದಾಗ ದಾಸ್ಯದ ಸಂಗತಿ ಹೊರಬೀಳುತ್ತದೆ. ಬಿಡುಗಡೆಗೆ ಬೆಲೆ ಏನೆಂದು ಅವನು ನಾಗಗಳನ್ನೇ ಕೇಳುತ್ತಾನೆ. ಅಮೃತ ತಂದುಕೊಡು ಎನ್ನುತ್ತಾರೆ. ಆಕಾಶವನ್ನೇ ಮುಚ್ಚಬಲ್ಲ ಹಕ್ಕಿ ಆ ಕ್ಷಣವೇ ಅವರನ್ನು ನುಂಗಿ ತಾಯಿಯನ್ನು ಬಿಡಿಸಿಕೊಳ್ಳಬಹುದಿತ್ತು. ಪಣ ಮೋಸದ್ದೇ ಆದರೂ ಅವನು ಪಣವನ್ನು ಮುರಿಯುವುದಿಲ್ಲ, ಅದರ ಬೆಲೆ ಕಟ್ಟಿ ಬಿಡಿಸಿಕೊಳ್ಳುತ್ತಾನೆ.

ಮುಂದಿನ ದಾರಿಯುದ್ದಕ್ಕೂ ಕಥೆ ಅವನ ಹಸಿವನ್ನು ಬೆಳೆಸುತ್ತ ಹೋಗುತ್ತದೆ, ಅದರ ಜೊತೆಗೇ ಅವನ ಎಚ್ಚರವನ್ನೂ. ಆನೆಯನ್ನೂ ಆಮೆಯನ್ನೂ ಎರಡು ಕಾಲುಗಳಲ್ಲಿ ಹಿಡಿದು ದೊಡ್ಡ ಆಲದ ಕೊಂಬೆಯ ಮೇಲೆ ಕೂತಾಗ ಕೊಂಬೆ ಮುರಿಯುತ್ತದೆ. ಅದರಲ್ಲಿ ವಾಲಖಿಲ್ಯ ಋಷಿಗಳು ತಲೆಕೆಳಗಾಗಿ ತೂಗುತ್ತ ತಪಸ್ಸು ಮಾಡುತ್ತಿದ್ದಾರೆ. ಅವರಿಗೆ ಪೆಟ್ಟಾಗಬಾರದೆಂದು ಗರುಡ ಕೊಂಬೆಯನ್ನು ಕೊಕ್ಕಿನಲ್ಲಿ ಹಿಡಿದು, ಎಲ್ಲಿ ಇಳಿಸಬೇಕೆಂದು ತಿಳಿಯದೆ ಹಾರುತ್ತಲೇ ಇರುತ್ತಾನೆ. ತಂದೆ ಕಶ್ಯಪ ಕೇಳಿಕೊಂಡ ಮೇಲೆ ಋಷಿಗಳು ಇಳಿದುಹೋಗುತ್ತಾರೆ. ಆಗಲೂ ಅವನು ಕೊಂಬೆ ಬೀಳಿಸಲು ಜನರಿಲ್ಲದ ಬೆಟ್ಟವನ್ನು ಹುಡುಕುತ್ತಾನೆ. ದೇವತೆಗಳನ್ನು ಸೋಲಿಸಿ, ತಿರುಗುವ ಚಕ್ರದ ನಡುವೆ ನುಸುಳಿ, ಕಾವಲಿನ ಸರ್ಪಗಳನ್ನು ಕೊಂದು ಅಮೃತ ಎತ್ತಿಕೊಳ್ಳುತ್ತಾನೆ. ಒಂದು ಹನಿಯನ್ನೂ ಕುಡಿಯುವುದಿಲ್ಲ. ವಿಷ್ಣುವಿಗೆ ಮೆಚ್ಚಿಕೆಯಾದದ್ದು ಅವನ ಬಲವಲ್ಲ, ಈ ಆಸೆಯಿಲ್ಲದ ನಡತೆ. ವರ ಕೇಳು ಎಂದಾಗ ಗರುಡ ನಿನಗಿಂತ ಮೇಲಿರಬೇಕು ಎನ್ನುತ್ತಾನೆ, ಅಮೃತವಿಲ್ಲದೆಯೇ ಸಾವಿಲ್ಲದಿರಬೇಕು ಎನ್ನುತ್ತಾನೆ. ಪಡೆದ ಮೇಲೆ, ನೀನೂ ಒಂದು ವರ ಕೇಳು ಎಂದು ತಿರುಗಿ ವಿಷ್ಣುವಿಗೇ ಹೇಳುತ್ತಾನೆ. ನನ್ನ ವಾಹನವಾಗು ಎಂದು ವಿಷ್ಣು ಕೇಳುತ್ತಾನೆ, ಮೇಲಿರಬೇಕೆಂಬ ಮಾತನ್ನು ಉಳಿಸಿಕೊಡಲು ಧ್ವಜದಲ್ಲಿ ಕೂರಿಸುತ್ತಾನೆ. ದೇವರ ಕೆಳಗೂ ಇರುವ, ದೇವರ ಮೇಲೂ ಇರುವ ಈ ಜೋಡಿಸ್ಥಾನ ಇಬ್ಬರು ಸಮಾನರ ನಡುವಿನ ಕೊಡುಕೊಳ್ಳುವಿಕೆಯಿಂದ ಬಂದದ್ದು. ಸೋತವನ ಸೇವೆ ಇದಲ್ಲ. ನಮ್ಮ ಗುಡಿಗಳ ಮುಂದಿನ ಗರುಡಗಂಬದ ಮೇಲುತುದಿ ಮತ್ತು ಉತ್ಸವದ ಗರುಡವಾಹನ ಈ ಎರಡು ವರಗಳನ್ನೂ ಕಣ್ಣಮುಂದೆ ನಿಲ್ಲಿಸುತ್ತವೆ. ತಕ್ಷಶಿಲೆಯ ಗ್ರೀಕ್ ದೂತ ಹೆಲಿಯೋಡೋರಸ್ ಕ್ರಿ.ಪೂ. 2ನೇ ಶತಮಾನದ ಕೊನೆಯ ಹೊತ್ತಿಗೆ ವಿದಿಶೆಯ ಬಳಿ ವಾಸುದೇವನಿಗೆ ನಿಲ್ಲಿಸಿದ ಗರುಡಧ್ವಜದಿಂದ ಈ ರೂಢಿಯ ಹಳಮೆ ತಿಳಿಯುತ್ತದೆ.

ಹಾವು ಅವನ ಆಹಾರವಾದದ್ದು ಯಾವಾಗ ಎಂಬುದು ಈಗ ಮುಖ್ಯ. ಇಂದ್ರ ವಜ್ರಾಯುಧ ಎಸೆಯುತ್ತಾನೆ. ದಧೀಚಿಯ ಎಲುಬಿನಿಂದಾದ ಆಯುಧಕ್ಕೆ ಮರ್ಯಾದೆಯೆಂದು ಗರುಡ ಒಂದು ಗರಿಯನ್ನು ಉದುರಿಸುತ್ತಾನೆ. ಆಮೇಲೆ ಇಬ್ಬರಿಗೂ ಸ್ನೇಹವಾಗುತ್ತದೆ, ಆಗ ಅವನು ಹಾವುಗಳು ತನಗೆ ಆಹಾರವಾಗಲಿ ಎಂದು ಕೇಳುತ್ತಾನೆ. ಬಳಿಕ ಅಮೃತವನ್ನು ದರ್ಭೆಯ ಮೇಲಿಟ್ಟು, ಸ್ನಾನ ಮಾಡಿ ಬಂದು ಕುಡಿಯಿರಿ ಎಂದು ನಾಗಗಳಿಗೆ ಹೇಳಿ, ತಾಯಿಯನ್ನು ಬಿಡಿಸಿಕೊಳ್ಳುತ್ತಾನೆ. ಅವರು ಮೀಯಲು ಹೋದಾಗ ಇಂದ್ರ ಅಮೃತವನ್ನು ಒಯ್ಯುತ್ತಾನೆ. ಬರಿಯ ದರ್ಭೆಯನ್ನು ನೆಕ್ಕಿ ಹಾವುಗಳ ನಾಲಿಗೆ ಸೀಳುತ್ತದೆ. ಅಂದರೆ ಹಾವು ತಿನ್ನುವುದು ಅವನ ಹುಟ್ಟುಗುಣವಲ್ಲ, ಕೇಳಿ ಪಡೆದ ಹಕ್ಕು. ಪಡೆದ ಹಕ್ಕಿಗೆ ಎಲ್ಲೆ ಇದ್ದೇ ಇರುತ್ತದೆ. ಜಾವಾದ್ವೀಪದವರಿಗೂ ಈ ಕಥೆಯಲ್ಲಿ ಹಿರಿದಾಗಿ ಕಂಡದ್ದು ಬಿಡುಗಡೆಯೇ. 1248ರಲ್ಲಿ ತೀರಿಕೊಂಡ ಅನುಸಪತಿ ಎಂಬ ದೊರೆಯ ನೆನಪಿಗೆ ಕಟ್ಟಿದ ಕಿದಾಲ್ ದೇಗುಲದ ತಳಹದಿಯಲ್ಲಿ ಮೂರು ಗರುಡಗಳಿವೆ. ಒಂದು ಹಾವುಗಳನ್ನು ಹೊತ್ತಿದೆ, ಒಂದು ಅಮೃತದ ಕೊಡವನ್ನು, ಒಂದು ತಾಯಿಯನ್ನು. ಹಾವನ್ನು ತಿನ್ನುವ ಚಿತ್ರವನ್ನು ಆ ಶಿಲ್ಪಿಗಳು ಆರಿಸಿಕೊಳ್ಳಲಿಲ್ಲ.

ಈ ಕಥೆಯಲ್ಲಿ ನನ್ನ ವಾದಕ್ಕೆ ಅಡ್ಡ ಬರುವ ಭಾಗವೂ ಒಂದಿದೆ, ಅದನ್ನು ಮರೆಮಾಚಲು ಮನಸ್ಸಿಲ್ಲ. ಹೊರಡುವ ಮುನ್ನ ಹಸಿದ ಮಗನಿಗೆ ವಿನತೆ ಸಮುದ್ರದ ನಡುವಿನ ನಿಷಾದರನ್ನು ತಿನ್ನು, ಬ್ರಾಹ್ಮಣನನ್ನು ಮಾತ್ರ ತಿನ್ನಬೇಡ ಎನ್ನುತ್ತಾಳೆ. ಗರುಡ ಸಾವಿರಾರು ನಿಷಾದರನ್ನು ನುಂಗುತ್ತಾನೆ. ಗಂಟಲನ್ನು ಸುಟ್ಟ ಒಬ್ಬ ಬ್ರಾಹ್ಮಣನನ್ನೂ, ಅವನು ಬಿಟ್ಟುಬರಲೊಪ್ಪದ ನಿಷಾದಿ ಹೆಂಡತಿಯನ್ನೂ ಉಗುಳುತ್ತಾನೆ. ಎಲ್ಲೆಯನ್ನು ಎಳೆದವರು ಯಾರು, ಅದರ ಹೊರಗೆ ಉಳಿದವರು ಯಾರು ಎಂಬುದನ್ನು ಕಥೆ ತಾನೇ ಬಯಲು ಮಾಡುತ್ತಿದೆ. ಬಲಕ್ಕೆ ಮಿತಿ ಇರಬೇಕೆಂಬ ಮಾತು ನಿಜವಾದರೂ, ಆ ಮಿತಿ ಎಲ್ಲರನ್ನೂ ಕಾಯಲಿಲ್ಲ. ಇದನ್ನು ಸಮರ್ಥಿಸುವ ಯಾವ ಸಾಂಕೇತಿಕ ಅರ್ಥವೂ ನನಗೆ ಒಪ್ಪಿಗೆಯಿಲ್ಲ.

ಮುಂದಿನ ಶತಮಾನಗಳ ಕಥೆಗಾರರು ಮಾಡಿದ್ದು ಆ ಎಲ್ಲೆಯನ್ನು ಹಾವುಗಳವರೆಗೂ ಚಾಚುವ ಕೆಲಸ. ಭಾಗವತದ ದಶಮ ಸ್ಕಂಧದಲ್ಲಿ ನಾಗಗಳು ಗರುಡನಿಗೆ ಸರದಿಯಂತೆ ಬಲಿ ಕೊಡುತ್ತಾರೆ. ಕಾಳಿಯ ಅದನ್ನು ಧಿಕ್ಕರಿಸಿ, ಸೋತು, ರಮಣಕ ದ್ವೀಪದಿಂದ ಓಡಿ ಯಮುನೆಯ ಮಡುವಿನಲ್ಲಿ ಸೇರಿಕೊಳ್ಳುತ್ತಾನೆ, ಏಕೆಂದರೆ ಸೌಭರಿ ಋಷಿಯ ಶಾಪದಿಂದ ಗರುಡ ಅಲ್ಲಿಗೆ ಬರುವಂತಿಲ್ಲ. ಕೃಷ್ಣ ಅವನನ್ನು ಕೊಲ್ಲುವುದಿಲ್ಲ. ನಿನ್ನ ಹೆಡೆಯ ಮೇಲೆ ನನ್ನ ಹೆಜ್ಜೆಯ ಗುರುತಿರುವಾಗ ಗರುಡ ಮುಟ್ಟುವುದಿಲ್ಲ ಎಂದು ಅಭಯ ಕೊಟ್ಟು ಹಿಂದಕ್ಕೆ ಕಳಿಸುತ್ತಾನೆ. 7ನೇ ಶತಮಾನದ ಹರ್ಷನ ‘ನಾಗಾನಂದ’ ಇನ್ನೂ ಮುಂದೆ ಹೋಗುತ್ತದೆ. ದಿನಕ್ಕೊಂದು ಹಾವು ಎಂಬ ಕರಾರಿನಂತೆ ಶಂಖಚೂಡನೆಂಬ ನಾಗನ ಸರದಿ ಬಂದಾಗ ನಾಟಕದ ನಾಯಕ ಜೀಮೂತವಾಹನ ಕೆಂಪು ವಸ್ತ್ರ ಹೊದ್ದು ಅವನ ಬದಲಿಗೆ ವಧ್ಯಶಿಲೆಯ ಮೇಲೆ ಮಲಗುತ್ತಾನೆ. ತಾನು ತಿನ್ನುತ್ತಿರುವುದು ಯಾರನ್ನೆಂದು ಗೊತ್ತಾದ ಮೇಲೆ ಗರುಡ ಹಾವು ತಿನ್ನುವುದನ್ನೇ ಬಿಡುತ್ತಾನೆ, ಅಮೃತ ತಂದು ಸತ್ತವರ ಎಲುಬುಗಳ ಮೇಲೆ ಸುರಿಯುತ್ತಾನೆ. ಸಿಕ್ಕಿದ್ದನ್ನೆಲ್ಲ ತಿನ್ನುವುದು, ದಿನಕ್ಕೊಂದು ತಿನ್ನುವುದು, ಒಂದೂ ತಿನ್ನದಿರುವುದು: ಕಥೆ ಹೋದ ದಾರಿ ಇದು. ಘಾಟಿಯ ಶಿಲೆ ಇದೇ ದಾರಿಯಲ್ಲಿ ನಿಂತ ಒಂದು ಕನ್ನಡದ ಮೈಲಿಗಲ್ಲು.

ಕುಕ್ಕೆಯಲ್ಲಿ ಇದೇ ಮಾತಿಗೆ ಎದುರು ಮುಖವೂ ಸಿಗುತ್ತದೆ. ಗರುಡನಿಗೆ ಹೆದರಿದ ವಾಸುಕಿ ಅಲ್ಲಿನ ಬಿಲದ್ವಾರದ ಗುಹೆಯಲ್ಲಿ ಅಡಗಿ ತಪಸ್ಸು ಮಾಡಿದನೆಂದು ಕ್ಷೇತ್ರದ ಕಥೆ. ಆಶ್ರಯ ಸಿಕ್ಕ ವಾಸುಕಿಯ ಉಸಿರಿನ ವಿಷ ಭಕ್ತರಿಗೆ ತಾಗದಿರಲೆಂದು ಗರ್ಭಗುಡಿಯ ಎದುರು ಬೆಳ್ಳಿಯ ಹೊದಿಕೆಯ ಗರುಡಗಂಬ ನಿಂತಿದೆ ಎಂದೂ ನಂಬಿಕೆ. ಅಲ್ಲಿ ಹಕ್ಕಿಗೂ ಎಲ್ಲೆಯುಂಟು, ಹಾವಿಗೂ ಎಲ್ಲೆಯುಂಟು, ಒಂದಕ್ಕೆ ಇನ್ನೊಂದೇ ಕಾವಲು.

ನನ್ನ ವಾದಕ್ಕೆ ಸರಳವಾದ ಆಕ್ಷೇಪವೊಂದಿದೆ. ಹದ್ದುಗಳು ಹಾವನ್ನು ಹಿಡಿಯುವುದನ್ನು ಜನ ಕಂಡರು, ಅದನ್ನೇ ದೊಡ್ಡದು ಮಾಡಿ ಕಥೆ ಕಟ್ಟಿದರು, ಇದರಲ್ಲಿ ಒಪ್ಪಂದ ಎಲ್ಲೆ ಎಂದೆಲ್ಲ ಹುಡುಕಬೇಕೇ ಎಂದು ಕೇಳಬಹುದು. ಹಕ್ಕಿಗಳನ್ನೇ ನೋಡೋಣ. ನಮ್ಮ ಜನ ಗರುಡ ಎಂದು ಕೈಮುಗಿಯುವುದು ಬಿಳಿಯ ತಲೆ, ಬಿಳಿಯ ಎದೆ, ಇಟ್ಟಿಗೆಗೆಂಪು ರೆಕ್ಕೆಯ ಹದ್ದಿಗೆ. ಕೆರೆಯಂಗಳದಲ್ಲಿ ಕಾಣುವ ಈ ಹಕ್ಕಿ ಹೆಚ್ಚಾಗಿ ಬದುಕುವುದು ಮೀನು, ಏಡಿ, ಕಪ್ಪೆ, ಸತ್ತ ಪ್ರಾಣಿಗಳ ಮೇಲೆ. ಹಾವು ಅದಕ್ಕೆ ಅಪರೂಪದ ತುತ್ತು. ಹಾವನ್ನೇ ಮುಖ್ಯ ಆಹಾರ ಮಾಡಿಕೊಂಡ, ತಲೆಯ ಮೇಲೆ ಜುಟ್ಟು ಇರುವ ಕಂದು ಬಣ್ಣದ ಹದ್ದು ಬೇರೆಯೇ ಇದೆ. ಅದೂ ಕರ್ನಾಟಕದ ಕಾಡುಗಳಲ್ಲಿದೆ, ಆದರೆ ತೇರು ಎಳೆಯುವ ಹೊತ್ತಿಗೆ ಜನ ಆಕಾಶದಲ್ಲಿ ಹುಡುಕುವುದು ಅದನ್ನಲ್ಲ. ನಿಸರ್ಗದ ನೋಟವೇ ಕಥೆಯ ಮೂಲವಾಗಿದ್ದರೆ ಪೂಜೆ ಜುಟ್ಟಿನ ಹದ್ದಿಗೆ ಸಲ್ಲಬೇಕಿತ್ತು. ಜನ ಗರುಡನೆಂದು ಒಪ್ಪಿದ್ದು ತೇರಿನ ಮೇಲೆ ಸುತ್ತು ಹಾಕಿ ಹೋಗುವ ಹಕ್ಕಿಯನ್ನು, ಅಂದರೆ ದೇವರ ಬಳಿಗೆ ಬರುವ ಹಕ್ಕಿಯನ್ನು. ಬೇಟೆಗಿಂತ ಹೊರುವ ಕೆಲಸವೇ ಅವರಿಗೆ ದೊಡ್ಡದಾಗಿತ್ತು. ಮೇಲುಕೋಟೆಯ ವೈರಮುಡಿಯ ರಾತ್ರಿಯೂ ಹೀಗೆಯೇ. ವಿರೋಚನ ಕದ್ದೊಯ್ದ ಕಿರೀಟವನ್ನು ಗರುಡ ಮರಳಿ ತಂದನೆಂಬ ನಂಬಿಕೆಯಲ್ಲಿ ಚೆಲುವನಾರಾಯಣ ಅದನ್ನು ತೊಟ್ಟು ಗರುಡನ ಮೇಲೆಯೇ ಹೊರಡುತ್ತಾನೆ.

ಇನ್ನೊಂದು ಆಕ್ಷೇಪ ಇತಿಹಾಸದವರದು. ನಾಗ, ಗರುಡ ಎನ್ನುವುದು ಎರಡು ಬುಡಕಟ್ಟುಗಳ ಲಾಂಛನಗಳು, ಹಳೆಯ ನಾಗಾರಾಧನೆಯನ್ನು ವಿಷ್ಣುಭಕ್ತಿ ಮಣಿಸಿದ್ದೇ ಈ ಕಥೆ ಎಂಬ ವಾದ. ಇದರಲ್ಲಿ ಸತ್ಯಾಂಶ ಇರಬಹುದು, ಹುಟ್ಟಿನ ಬಗ್ಗೆ ನಾನು ಜಗಳ ತೆಗೆಯುವುದಿಲ್ಲ. ಆದರೆ ಮಣಿಸಿದ್ದೇ ನಿಜವಾದರೆ ಹೊಸಕೋಟೆ, ದೇವನಹಳ್ಳಿ ಸೀಮೆಯ ಅಶ್ವತ್ಥಕಟ್ಟೆಗಳ ಮೇಲೆ ನಾಗರಕಲ್ಲುಗಳು ಇವತ್ತಿಗೂ ಸಾಲಾಗಿ ನಿಂತಿರುವುದು ಹೇಗೆ? ನಾಗರಪಂಚಮಿಗೆ ಹಾಲೆರೆಯುವ ಮನೆಯವರೇ ಗರುಡೋತ್ಸವಕ್ಕೂ ಹೋಗುತ್ತಾರೆ. ಗೆದ್ದವರು ಸೋತವರ ದೇವರನ್ನು ತಮ್ಮ ದೇವರ ಬೆನ್ನಿಗೆ ಕಡೆಯುವುದಿಲ್ಲ. ಘಾಟಿಯ ಶಿಲೆ ಸೋಲು ಗೆಲುವಿನ ದಾಖಲೆಯಲ್ಲ, ರಾಜಿಯ ದಾಖಲೆ.

ಗರುಡನ ಒಪ್ಪಂದವನ್ನು ಕನ್ನಡಿಗರು ಬರೀ ಕಥೆಯಾಗಿ ಬಿಡಲಿಲ್ಲ, ಮೈಮೇಲೆ ತಂದುಕೊಂಡರು. ಹೊಯ್ಸಳ ದೊರೆಗಳ ಸುತ್ತ ಗರುಡರೆಂಬ ಆಪ್ತಭಟರಿದ್ದರು. ಒಡೆಯ ಸತ್ತರೆ ತಾವೂ ಸಾಯುತ್ತೇವೆಂಬ ಭಾಷೆ ಅವರದು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ನಿಂತಿರುವ ಕಂಬವೊಂದು ಕುವರ ಲಕ್ಷ್ಮನ ಕಥೆ ಹೇಳುತ್ತದೆ. ಅವನು ಎರಡನೆಯ ವೀರಬಲ್ಲಾಳನ ದಂಡನಾಯಕ, ಮಗನಂತೆ ಬೆಳೆದವನು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮ, ಅವನ ಹೆಂಡತಿ ಸುಗ್ಗಲದೇವಿ ಮತ್ತು ಅವರ ಸಾವಿರ ವೀರರು ಭಾಷೆ ನಡೆಸಿದರೆಂದು ಶಾಸನ ಸಾರುತ್ತದೆ. ಕಂಬದ ಮೇಲೆ ತಮ್ಮ ತಲೆಗಳನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಸಾಲಿದೆ. ಶಾಸನ ಲಕ್ಷ್ಮನನ್ನು ಗರುಡನಿಗೆ ಸಮನಾಗಿಸುತ್ತದೆ, ಬರಹ ಅರ್ಧಕ್ಕೇ ನಿಂತಿದೆ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಇಂಥದೇ ಗರುಡರ ಸ್ಮಾರಕಕಂಬಗಳಿದ್ದು, ತುದಿಯಲ್ಲಿ ಆನೆಯನ್ನೂ ಗರುಡನನ್ನೂ ಕಡೆದಿದ್ದಾರೆ.

ಆ ನಿಷ್ಠೆಯ ಮುಂದೆ ತಲೆಬಾಗುವುದು ಸುಲಭ, ಅದನ್ನು ಹಾಡಿ ಹೊಗಳಿದವರೂ ಉಂಟು. ನನ್ನ ತೀರ್ಮಾನ ಬೇರೆ. ಪುರಾಣದ ಗರುಡ ಒಪ್ಪಂದ ಮಾಡಿಕೊಂಡದ್ದು ತಾಯಿಯನ್ನು ದಾಸ್ಯದಿಂದ ಬಿಡಿಸಲು, ವಾಹನವಾದದ್ದು ತಾನೂ ವರ ಕೊಟ್ಟು, ಧ್ವಜದ ಎತ್ತರವನ್ನು ಪಡೆದು. ಹೊಯ್ಸಳರ ಗರುಡರ ಭಾಷೆಯಲ್ಲಿ ಹೊರುವ ಭಾಗವಷ್ಟೇ ಉಳಿಯಿತು, ಕೊಡುಕೊಳ್ಳುವಿಕೆ ಹೋಯಿತು. ಒಡೆಯನಿಗೆ ಯಾವ ಎಲ್ಲೆಯೂ ಇಲ್ಲದೆ ಊಳಿಗದವನಿಗೆ ಮಾತ್ರ ಎಲ್ಲೆ ಇದ್ದಾಗ ಸಂಕೇತ ಅರ್ಧವಾಗುತ್ತದೆ. ಸುಗ್ಗಲದೇವಿ ಮತ್ತು ಹೆಸರೇ ಇಲ್ಲದ ಆ ಸಾವಿರ ಜನ ತೆತ್ತದ್ದು ಆ ಕೊರತೆಯ ಬೆಲೆ.

ಇಷ್ಟೆಲ್ಲ ಕೇಳಿದ ಮೇಲೆ ಸಭೆಯಲ್ಲಿ ಯಾರಾದರೂ ಗಂಡಭೇರುಂಡದ ಬಗ್ಗೆ ಕೇಳಿಯೇ ಕೇಳುತ್ತಾರೆ, ಕೇಳಲೇಬೇಕು. ಎರಡು ತಲೆಯ ಆ ಹಕ್ಕಿಗೆ ಯಾವ ಭಾಷೆ, ಯಾವ ಎಲ್ಲೆ? ಬಳ್ಳಿಗಾವೆಯಲ್ಲಿ ಬನವಾಸಿಯ ಮಹಾಮಂಡಲೇಶ್ವರ ಚಾವುಂಡರಾಯ 1047ರಲ್ಲಿ ನಿಲ್ಲಿಸಿದ ಕಂಬದ ತುದಿಯಲ್ಲಿ ಮನುಷ್ಯನ ಮೈ, ಹಕ್ಕಿಯ ಎರಡು ತಲೆಗಳ ಭೇರುಂಡವಿದೆ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಒಂದು ಶಿಲ್ಪವನ್ನು ನಿಧಾನವಾಗಿ ನೋಡಬೇಕು. ಜಿಂಕೆಯನ್ನು ಹೆಬ್ಬಾವು ನುಂಗುತ್ತಿದೆ, ಹೆಬ್ಬಾವನ್ನು ಆನೆ ಹಿಡಿದಿದೆ, ಆನೆಯ ಮೇಲೆ ಸಿಂಹ, ಸಿಂಹದ ಮೇಲೆ ಶರಭ, ಶರಭದ ಮೇಲೆ ಗಂಡಭೇರುಂಡ. ಬಲದ ಮೇಲೊಂದು ಬಲ, ಕೊನೆಯ ಬಲ ಹಕ್ಕಿಯದು. ಪಂಥಗಳ ಜಗಳದಲ್ಲೂ ಇದೇ ಏಣಿ ಬಳಕೆಯಾಯಿತು. ನರಸಿಂಹನ ಉಗ್ರವನ್ನು ಇಳಿಸಲು ಶಿವ ಶರಭನಾದನೆಂದು ಶೈವರು ಹೇಳಿದರು, ಶರಭನನ್ನು ಮಣಿಸಲು ನರಸಿಂಹ ಗಂಡಭೇರುಂಡನಾದನೆಂದು ವೈಷ್ಣವರು ಉತ್ತರ ಕೊಟ್ಟರು. ವಿಜಯನಗರದ ಅಚ್ಯುತದೇವರಾಯನ ಚಿನ್ನದ ನಾಣ್ಯಗಳಲ್ಲಿ ಈ ಹಕ್ಕಿ ಕೊಕ್ಕುಗಳಲ್ಲೂ ಕಾಲುಗುರುಗಳಲ್ಲೂ ಆನೆಗಳನ್ನು ಹಿಡಿದು ನಡೆಯುತ್ತದೆ.

ಇಲ್ಲಿ ನನ್ನ ವಾದ ಪೂರ್ತಿ ಸಲ್ಲುವುದಿಲ್ಲ ಎಂದು ಒಪ್ಪುತ್ತೇನೆ. ಗಂಡಭೇರುಂಡ ಬಿರುದಿನ ಹಕ್ಕಿ, ಅರಸರ ಹಕ್ಕಿ. ಅದಕ್ಕೆ ಬಿಡಿಸಬೇಕಾದ ತಾಯಿಯಿಲ್ಲ, ಹೊರಬೇಕಾದ ದೇವರಿಲ್ಲ, ಗರುಡನಿಗಿರುವಂಥ ಒಂದು ಕಥೆಯೂ ಇಲ್ಲ. ಆದರೂ ಎರಡು ಸಂಗತಿಗಳನ್ನು ಗಮನಕ್ಕೆ ತರಬೇಕು. ಬೇಲೂರಿನ ಆ ಶಿಲ್ಪದ ಕೊನೆಯಲ್ಲಿ ಒಬ್ಬ ಋಷಿ ಇದ್ದಾನೆ, ಇದನ್ನೆಲ್ಲ ಬೆರಗಿನಿಂದ ನೋಡುತ್ತಿದ್ದಾನೆ. ಒಂದನ್ನೊಂದು ತಿನ್ನುವ ಸಾಲಿನ ಹೊರಗೆ, ತಿನ್ನದ, ತಿನ್ನಿಸಿಕೊಳ್ಳದ ಒಂದು ಜಾಗ ಬೇಕೆಂದು ಶಿಲ್ಪಿಗೆ ತೋರಿತು. ಎರಡನೆಯದು ನಮ್ಮ ಕಾಲದ್ದು. ಮೈಸೂರು ಅರಸರ ಲಾಂಛನವಾಗಿದ್ದ ಈ ಹಕ್ಕಿ ಈಗ ಕರ್ನಾಟಕ ರಾಜ್ಯದ ಲಾಂಛನದಲ್ಲಿದೆ, ಸರ್ಕಾರಿ ಕಾಗದದ ಮೇಲೆಲ್ಲ ನಾವು ಅದನ್ನು ನೋಡುತ್ತೇವೆ. ಕೆಂಪು ಗುರಾಣಿಯ ಮೇಲೆ ಬಿಳಿಯ ಗಂಡಭೇರುಂಡ, ಮೇಲೆ ಅಶೋಕನ ಸಿಂಹಗಳು, ಕೆಳಗೆ ‘ಸತ್ಯಮೇವ ಜಯತೇ’. ಅಚ್ಯುತರಾಯನ ನಾಣ್ಯದಲ್ಲಿದ್ದ ಆನೆಗಳು ಈ ಹಕ್ಕಿಯ ಕೊಕ್ಕಿನಲ್ಲೂ ಇಲ್ಲ, ಉಗುರಿನಲ್ಲೂ ಇಲ್ಲ. ಗುರಾಣಿಯ ಎರಡೂ ಬದಿಗೆ ಆನೆಯ ತಲೆ, ಸಿಂಹದ ಮೈಯ ಎರಡು ಪ್ರಾಣಿಗಳು ಅದನ್ನು ಹಿಡಿದು ನಿಂತಿವೆ.